ಕ್ಯಾಮೆರಾ ಹಾಕಿದವನನ್ನು ಬೈಯುವ ಮುಂಚೆ ರೂಟರ್‌ನ ವಿಳಾಸ ನೋಡಿ

ಊರಲ್ಲಿ ಕೂತು ಬೆಂಗಳೂರಿನ ಮನೆಯ ಗೇಟನ್ನು ಮೊಬೈಲ್‌ನಲ್ಲಿ ನೋಡಬೇಕು ಅನ್ನುವವರು ಈಗ ನಮ್ಮ ಕಡೆ ಬಹಳ ಜನ ಇದ್ದಾರೆ. ಕ್ಯಾಮೆರಾ ಹಾಕಿಸುತ್ತಾರೆ. ಆ ಮನೆಯ ವೈಫೈನಲ್ಲಿ ಇರುವ ತನಕ ಚಿತ್ರ ಚೆನ್ನಾಗಿಯೇ ಬರುತ್ತದೆ. ಬಸ್ಸು ಹತ್ತಿ ಊರಿಗೆ ಬಂದ ಮೇಲೆ ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಕ್ಯಾಮೆರಾ ಹಾಕಿದ ಹುಡುಗನಿಗೆ ಫೋನ್ ಮಾಡಿದರೆ "ಪೋರ್ಟ್ ಓಪನ್ ಮಾಡಬೇಕು ಅಣ್ಣ, ಬರ್ತೀನಿ" ಅನ್ನುತ್ತಾನೆ. ಬರುತ್ತಾನೆ, ಏನೋ ಒತ್ತುತ್ತಾನೆ, ಬಂದದ್ದಕ್ಕೆ ದುಡ್ಡು ತೆಗೆದುಕೊಳ್ಳುತ್ತಾನೆ. ಚಿತ್ರ ಮಾತ್ರ ಬರುವುದಿಲ್ಲ.

ಇಂಥ ಬಹಳಷ್ಟು ಕಡೆ ಕ್ಯಾಮೆರಾ ಕೆಟ್ಟಿರುವುದಿಲ್ಲ, ಹುಡುಗನೂ ಮೋಸ ಮಾಡಿರುವುದಿಲ್ಲ. ಇಂಟರ್ನೆಟ್ ಕಂಪನಿ ಆ ಮನೆಗೆ ಕೊಟ್ಟಿರುವುದು ಹತ್ತಾರು ಮನೆಗಳು ಹಂಚಿಕೊಂಡ ವಿಳಾಸ. ಆ ವಿಳಾಸದ ಮೇಲೆ ಪೋರ್ಟ್ ಓಪನ್ ಮಾಡಲು ಯಾರು ಬಂದರೂ ಆಗುವುದಿಲ್ಲ. ಸಂಪರ್ಕ ಕೊಡುವ ದಿನವೇ ಇದನ್ನು ಅರ್ಜಿಯಲ್ಲಿ ಬರೆದು ಹೇಳಬೇಕು ಅನ್ನುವುದು ನನ್ನ ವಾದ. ಅದು ಯಾಕೆ ಅಂತ ಒಂದು ಮನೆಯ ಕಥೆಯಲ್ಲೇ ಹೇಳುತ್ತೇನೆ.

ಜಾಲಹಳ್ಳಿಯ ಮನೆ

ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದ ಮೇಲೆ ಜಿಲ್ಲೆಗಳಿಂದ ಕೆಲಸಕ್ಕೆ ಹೋದ ಎಷ್ಟೋ ಜನ ಆ ಸುತ್ತಲೇ ಸೈಟು ತೆಗೆದುಕೊಂಡು ಮನೆ ಕಟ್ಟಿದರು. ನಿವೃತ್ತಿಯಾದ ಮೇಲೆ ಕೆಲವರು ಊರಿಗೆ ವಾಪಸ್ಸಾಗಿದ್ದಾರೆ. ನಮ್ಮ ತಾಲ್ಲೂಕಿನ ಒಬ್ಬ ಹಿರಿಯರದ್ದೂ ಹೀಗೆಯೇ. ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದಾರೆ, ಮೇಲಿನದನ್ನು ತಮಗೆ ಇಟ್ಟುಕೊಂಡಿದ್ದಾರೆ. ತಿಂಗಳಿಗೆ ಎರಡು ಸಲ ಹೋಗಿಬರುತ್ತಾರೆ. ಉಳಿದ ದಿನ ಗೇಟು, ಸಂಪು, ಮೆಟ್ಟಿಲು ಕಣ್ಣಿಗೆ ಬೀಳುತ್ತಿರಲಿ ಅಂತ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಹಾಕಿಸಿದರು.

ಮನೆಗೆ ಫೈಬರ್ ಸಂಪರ್ಕ ಇದೆ. ಕಂಪನಿಯವರು ಕೆಳಗೆ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಹಾಕಿದ್ದಾರೆ. ಮೇಲಿನ ಮಹಡಿಗೆ ವೈಫೈ ಸರಿಯಾಗಿ ಸಿಗಲಿಲ್ಲ ಅಂತ ಇವರು ಅಂಗಡಿಯಿಂದ ಇನ್ನೊಂದು ರೂಟರ್ ತಂದು, ಬಿಳಿ ಪೆಟ್ಟಿಗೆಯಿಂದ ವೈರ್ ಎಳೆಸಿ ಮೇಲೆ ಹಾಕಿಕೊಂಡರು. ಡಿವಿಆರ್‌ನ ವೈರ್ ಆ ಎರಡನೇ ರೂಟರ್‌ಗೆ ಹೋಗಿದೆ. ಅಂದರೆ ಡಿವಿಆರ್‌ಗೂ ಹೊರಗಿನ ಇಂಟರ್ನೆಟ್‌ಗೂ ನಡುವೆ ಎರಡು ಪೆಟ್ಟಿಗೆಗಳಿವೆ. ಇದನ್ನು ನೆನಪಿಟ್ಟುಕೊಳ್ಳಿ.

ವಠಾರದ ಲೆಕ್ಕ

ಹಳೆಯ ವಠಾರ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಂಟು ಮನೆಗೂ ಸೇರಿ ಬೀದಿಯ ಕಡೆಗೆ ಒಂದೇ ಬಾಗಿಲು, ಅಂಚೆಗೆ ಒಂದೇ ವಿಳಾಸ. ನಿಮ್ಮ ಮನೆಯ ರೂಟರ್ ಮಾಡುವುದೂ ಅದನ್ನೇ. ಒಳಗೆ ಫೋನು, ಟಿವಿ, ಡಿವಿಆರ್ ಎಲ್ಲಕ್ಕೂ ತಾನೇ ಒಂದೊಂದು ಒಳ ವಿಳಾಸ ಕೊಡುತ್ತದೆ. ಅವು `192.168` ಅಂತ ಶುರುವಾಗುತ್ತವೆ. ಈ ಒಳ ವಿಳಾಸಗಳು ಬೀದಿಯಲ್ಲಿ ನಡೆಯುವುದಿಲ್ಲ. ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಅದೇ `192.168.1.5` ಇರಬಹುದು.

ನೀವು ಫೋನಿನಲ್ಲಿ ಯೂಟ್ಯೂಬ್ ತೆಗೆದರೆ ಕೋರಿಕೆ ಒಳಗಿನಿಂದ ಹೊರಗೆ ಹೋಗುತ್ತದೆ. ರೂಟರ್ ಅದರ ಮೇಲಿನ ಒಳ ವಿಳಾಸ ಅಳಿಸಿ ತನ್ನ ಹೊರ ವಿಳಾಸ ಬರೆದು ಕಳಿಸುತ್ತದೆ. ಇದನ್ನು ಕೇಳಿದ್ದು ಇಂಥ ಫೋನು ಅಂತ ಒಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಆ ಫೋನಿಗೆ ಮುಟ್ಟಿಸುತ್ತದೆ. ವಿಳಾಸ ಬದಲಿಸುವ ಈ ಕೆಲಸಕ್ಕೆ ನ್ಯಾಟ್ ಅಂತ ಹೆಸರು.

ಕ್ಯಾಮೆರಾ ನೋಡುವಾಗ ಸಂಗತಿ ಉಲ್ಟಾ. ಊರಿನಿಂದ ನಿಮ್ಮ ಫೋನು ಆ ಮನೆಯ ಬಾಗಿಲಿಗೆ ಹೋಗಿ ತಟ್ಟುತ್ತದೆ. ಒಳಗಿನಿಂದ ಯಾರೂ ಮೊದಲು ಕೇಳಿಲ್ಲ, ಪಟ್ಟಿಯಲ್ಲಿ ಗುರುತಿಲ್ಲ. ಯಾರ ಮನೆಗೆ ಬಂದವರೋ ಗೊತ್ತಾಗದೆ ರೂಟರ್ ವಾಪಸ್ಸು ಕಳಿಸುತ್ತದೆ. ಅದಕ್ಕೇ ಪೋರ್ಟ್ ಫಾರ್ವರ್ಡಿಂಗ್. 8000 ನಂಬರ್ ಕೇಳಿಕೊಂಡು ಬಂದವರನ್ನು ಡಿವಿಆರ್ ಇರುವ ಮನೆಗೆ ಕಳಿಸು ಅಂತ ರೂಟರ್‌ಗೆ ಮೊದಲೇ ಹೇಳಿಡುವುದು. ಆ ನಂಬರೇ ಪೋರ್ಟ್. ರೂಟರ್‌ನ ಪುಟದಲ್ಲಿ ಇದು `Port Forwarding` ಅಥವಾ `Virtual Server` ಅನ್ನುವ ಹೆಸರಿನಲ್ಲಿ ಇರುತ್ತದೆ.

ಮೊದಲ ಗಂಟು: ಎರಡು ಪೆಟ್ಟಿಗೆ

ಹುಡುಗ ಮೇಲಿನ ಮಹಡಿಯ ರೂಟರ್‌ನಲ್ಲಿ ಎಲ್ಲ ಸರಿಯಾಗಿಯೇ ಬರೆದಿದ್ದ. ಡಿವಿಆರ್‌ನ ಒಳ ವಿಳಾಸ `192.168.0.50`, ಪೋರ್ಟ್ 8000. ಆದರೂ ಊರಿನಿಂದ ಬರಲಿಲ್ಲ. ಆ ರೂಟರ್‌ನ `Status` ಪುಟದಲ್ಲಿ `WAN IP` ಅನ್ನುವ ಸಾಲು ನೋಡಿದರೆ ಹೀಗಿತ್ತು:

```
WAN IP: 192.168.1.5
```

`WAN IP` ಅಂದರೆ ಆ ರೂಟರ್‌ನ ಹೊರಗಿನ ವಿಳಾಸ. ಅದೇ `192.168` ಅಂತ ಶುರುವಾಗಿದೆ ಅಂದರೆ ಈ ರೂಟರ್ ಇನ್ನೂ ಬೀದಿಗೆ ಬಂದೇ ಇಲ್ಲ, ಇನ್ನೊಂದು ವಠಾರದ ಒಳಗಿದೆ ಅಂತ ಅರ್ಥ. ಆ ಹೊರಗಿನ ವಠಾರ ಯಾವುದು? ಕಂಪನಿಯ ಬಿಳಿ ಪೆಟ್ಟಿಗೆ. ಅದೂ ಒಂದು ರೂಟರೇ, ಅದೂ ವಿಳಾಸ ಬದಲಿಸುತ್ತದೆ. ಒಳಮನೆಯವನು "8000 ಕೇಳಿದರೆ ನನ್ನ ಹತ್ತಿರ ಕಳಿಸಿ" ಅಂತ ತನ್ನ ಬಾಗಿಲಿನಲ್ಲಿ ಬರೆದುಕೊಂಡಿದ್ದಾನೆ. ಬೀದಿ ಬಾಗಿಲಿನವನಿಗೆ ಅದು ಗೊತ್ತಿಲ್ಲ. ತಟ್ಟಿದವರು ಅಲ್ಲಿಂದಲೇ ವಾಪಸ್ಸು. ವಿಳಾಸ ಹೀಗೆ ಎರಡು ಸಲ ಬದಲಾಗುವುದನ್ನೇ ಡಬಲ್ ನ್ಯಾಟ್ ಅನ್ನುತ್ತಾರೆ.

ಇದು ನಿಮ್ಮ ಮನೆಯೊಳಗಿನ ತೊಂದರೆ, ನೀವೇ ಬಿಡಿಸಿಕೊಳ್ಳಬಹುದು. ಎರಡನೇ ರೂಟರ್‌ನಲ್ಲಿ `Access Point` ಅನ್ನುವ ಆಯ್ಕೆ ಇದ್ದರೆ ಅದನ್ನು ಹಾಕಿ. ಆಗ ಅದು ವಿಳಾಸ ಬದಲಿಸುವ ಕೆಲಸ ಬಿಟ್ಟು ಬರೀ ವೈಫೈ ಕೊಡುತ್ತದೆ. ಇನ್ನೊಂದು ದಾರಿ, ಬಿಳಿ ಪೆಟ್ಟಿಗೆಯನ್ನು `Bridge` ಮಾಡಿ ಅಂತ ಕಂಪನಿಗೆ ಕೇಳುವುದು. ಆಗ ಆ ಪೆಟ್ಟಿಗೆ ಸುಮ್ಮನಿದ್ದು, ನಿಮ್ಮ ರೂಟರ್ ನೇರ ಬೀದಿಗೆ ಬರುತ್ತದೆ. ಇದಕ್ಕೆ ಸಂಪರ್ಕದ ಯೂಸರ್ ನೇಮ್, ಪಾಸ್‌ವರ್ಡ್ ಬೇಕಾಗಬಹುದು, ಕೇಳಿ ಬರೆದಿಟ್ಟುಕೊಳ್ಳಿ.

ಜಾಲಹಳ್ಳಿಯ ಮನೆಯಲ್ಲಿ ಮೊದಲನೆಯದನ್ನು ಮಾಡಿದರು. ಮೇಲಿನ ರೂಟರ್ ಬರೀ ವೈಫೈ ಪೆಟ್ಟಿಗೆಯಾಯಿತು. ಡಿವಿಆರ್‌ಗೆ ಈಗ ಬಿಳಿ ಪೆಟ್ಟಿಗೆಯ ಕಡೆಯಿಂದ ಹೊಸ ಒಳ ವಿಳಾಸ, `192.168.1.50`. ಪೋರ್ಟ್ 8000ನ್ನು ಬಿಳಿ ಪೆಟ್ಟಿಗೆಯಲ್ಲೇ ಬರೆದರು. ಡಬಲ್ ನ್ಯಾಟ್ ಹೋಯಿತು. ಊರಿನಿಂದ ತೆಗೆದರೆ ಚಕ್ರ ಇನ್ನೂ ಸುತ್ತುತ್ತಿತ್ತು.

ಎರಡನೇ ಗಂಟು: ಹಂಚಿದ ವಿಳಾಸ

ಈಗ ಬಿಳಿ ಪೆಟ್ಟಿಗೆಯ `WAN IP` ನೋಡಬೇಕು. ನೋಡಿದರು. ಅದರ ಜೊತೆಗೇ, ಅದೇ ವೈಫೈನಲ್ಲಿದ್ದ ಫೋನಿನಲ್ಲಿ `ipv4.icanhazip.com` ತೆಗೆದರು. ಹೊರಗಿನ ಜಗತ್ತಿಗೆ ನೀವು ಯಾವ ವಿಳಾಸದಿಂದ ಬಂದಂತೆ ಕಾಣುತ್ತಿದ್ದೀರಿ ಅಂತ ಆ ಪುಟ ಒಂದೇ ಸಾಲಿನಲ್ಲಿ ಹೇಳುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಈ ಥರ. (ನಿಜವಾದ ವಿಳಾಸ ಹಾಕುವುದು ಸರಿಯಲ್ಲ, ಉದಾಹರಣೆಗೆಂದು ಬೇರೆ ಹಾಕಿದ್ದೇನೆ.)

```
WAN IP : 100.72.14.9
ಹೊರಗೆ   : 203.0.113.45
```

ಎರಡೂ ಬೇರೆ ಬೇರೆ. ಮನೆಯಲ್ಲಿ ಈಗ ವಿಳಾಸ ಬದಲಿಸುವುದು ಒಂದೇ ಪೆಟ್ಟಿಗೆ, ಅದರ ಹೊರ ವಿಳಾಸ 100.72 ಅನ್ನುತ್ತಿದೆ. ಬೀದಿಗೆ ಬರುವಷ್ಟರಲ್ಲಿ ಅದು 203 ಆಗಿದೆ. ನಡುವೆ ಇನ್ಯಾರೋ ಬದಲಿಸಿದ್ದಾರೆ. ಅದು ಕಂಪನಿಯ ಕಚೇರಿಯಲ್ಲಿರುವ ದೊಡ್ಡ ಯಂತ್ರ. ಈ ವ್ಯವಸ್ಥೆಗೆ ಸಿಜಿ ನ್ಯಾಟ್ ಅಂತ ಹೆಸರು. ನಿಮ್ಮ ವಠಾರ, ಪಕ್ಕದ ವಠಾರ, ಆಚೆ ಬೀದಿಯ ವಠಾರ ಎಲ್ಲ ಸೇರಿ ಒಂದು ಬಡಾವಣೆ, ಅದಕ್ಕೊಂದೇ ಗೇಟು. ಗೇಟಿನಲ್ಲಿ ಕೂತಿರುವುದು ಕಂಪನಿಯ ಕಾವಲುಗಾರ. 8000 ಕೇಳಿದವರನ್ನು ನಮ್ಮ ಮನೆಗೆ ಕಳಿಸಪ್ಪ ಅಂತ ಅವನಿಗೆ ಹೇಳಲು ನಿಮಗೆ ದಾರಿಯೇ ಇಲ್ಲ. ನಿಮ್ಮ ರೂಟರ್‌ನಲ್ಲಿ ಏನು ಬರೆದರೂ ಅದು ಗೇಟಿನ ತನಕ ಹೋಗುವುದಿಲ್ಲ.

ಕಂಪನಿ ಯಾಕೆ ಹೀಗೆ ಮಾಡುತ್ತದೆ ಅಂದರೆ ವಿಳಾಸಗಳೇ ಮುಗಿದಿವೆ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಇಡೀ ಪ್ರಪಂಚಕ್ಕೆ ಸೇರಿ ಸುಮಾರು 430 ಕೋಟಿ ಮಾತ್ರ. ಪ್ರಪಂಚದ ಮೂಲ ದಾಸ್ತಾನು 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ಏಷ್ಯಾ ಪೆಸಿಫಿಕ್ ಭಾಗಕ್ಕೆ ಹಂಚುವ ಸಂಸ್ಥೆಯೂ ಅದೇ ವರ್ಷದ ಏಪ್ರಿಲ್‌ನಿಂದ ಉಳಿದದ್ದನ್ನು ಅಳೆದು ಸುರಿದು ಕೊಡಲು ಶುರುಮಾಡಿತು. 2012ರ ಏಪ್ರಿಲ್‌ನಲ್ಲಿ ಈ ಹಂಚಿಕೆಗೆಂದೇ `100.64.0.0`ರಿಂದ `100.127.255.255`ರವರೆಗಿನ ವಿಳಾಸಗಳನ್ನು ಎತ್ತಿಟ್ಟರು. ಜಾಲಹಳ್ಳಿಯ ಮನೆಯ ವಿಳಾಸ ಅದರೊಳಗೇ ಬರುತ್ತದೆ.

ಗೇಟಿನಲ್ಲಿ ಒಂದು ವಿಳಾಸಕ್ಕೆ 65,536 ಪೋರ್ಟ್ ನಂಬರ್‌ಗಳಿರುತ್ತವೆ. ಮನೆಗೆ 1,024ರಂತೆ ಹಂಚಿದರೆ ಒಂದು ವಿಳಾಸದಲ್ಲಿ 64 ಮನೆ ಹಿಡಿಸುತ್ತವೆ. ಅಷ್ಟೂ ಮನೆಯಲ್ಲಿ ಕ್ಯಾಮೆರಾ ಇದ್ದು, ಎಲ್ಲರೂ 8000 ನಮಗೆ ಬೇಕು ಅಂದರೆ ಯಾರಿಗೆ ಕೊಡುವುದು? ಒಬ್ಬರಿಗೆ ಮಾತ್ರ ಕೊಡಬಹುದು. ಅದಕ್ಕೇ ಯಾರಿಗೂ ಕೊಡುವುದಿಲ್ಲ.

ನಿಮ್ಮ ಮನೆಯಲ್ಲಿ ನೋಡುವುದು ಹೇಗೆ

ರೂಟರ್‌ನ ಪುಟಕ್ಕೆ ಹೋಗುವ ವಿಳಾಸ ಮತ್ತು ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಇರುತ್ತದೆ. ಫೋನಿನ ಬ್ರೌಸರ್‌ನಲ್ಲೇ ತೆಗೆಯಬಹುದು. ಅಲ್ಲಿ `WAN IP` ಬರೆದುಕೊಳ್ಳಿ. ಆಮೇಲೆ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈನಲ್ಲೇ ಇದ್ದು, ಮೇಲೆ ಹೇಳಿದ ಪುಟ ತೆಗೆದು ಹೊರ ವಿಳಾಸ ಬರೆದುಕೊಳ್ಳಿ.

ಎರಡೂ ಒಂದೇ ಆಗಿದ್ದರೆ ವಿಳಾಸ ನಿಮ್ಮ ಮನೆಯದೇ, ಪೋರ್ಟ್ ಫಾರ್ವರ್ಡಿಂಗ್ ನಡೆಯುವ ಸಾಧ್ಯತೆ ಇದೆ, ತಪ್ಪು ಬೇರೆ ಎಲ್ಲೋ ಇದೆ. ಡಿವಿಆರ್‌ನ ಒಳ ವಿಳಾಸ ಕರೆಂಟ್ ಹೋಗಿ ಬಂದಾಗ ಬದಲಾಗಿರಬಹುದು. ಬೇರೆ ಬೇರೆಯಾಗಿದ್ದು `WAN IP` `192.168` ಅಂತ ಇದ್ದರೆ ಮೊದಲು ನಿಮ್ಮ ಮನೆಯಲ್ಲೇ ಎರಡು ಪೆಟ್ಟಿಗೆ ಇದೆಯಾ ನೋಡಿ. ಮನೆಯಲ್ಲಿ ಒಂದೇ ಪೆಟ್ಟಿಗೆ ಇದ್ದೂ ಬೇರೆ ಬೇರೆ ಬಂದರೆ ವಿಳಾಸ ಹಂಚಿದ್ದು. ಕೆಲವು ಕಂಪನಿಗಳು 100ರ ಬದಲು `10.` ಅಂತ ಶುರುವಾಗುವ ವಿಳಾಸವನ್ನೂ ಇದಕ್ಕೆ ಬಳಸುತ್ತವೆ. ಹಾಗಾಗಿ ಅಂಕಿ ಬಾಯಿಪಾಠ ಮಾಡುವುದಕ್ಕಿಂತ ಎರಡನ್ನೂ ಹೋಲಿಸಿ ನೋಡುವುದೇ ಸರಿ.

ಇನ್ನೊಂದು ಮಾತು. ಕ್ಯಾಮೆರಾ ಹೊರಗಿನಿಂದ ಬರುತ್ತದಾ ಅಂತ ಪರೀಕ್ಷೆ ಮಾಡುವಾಗ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಹುಡುಗ ಮನೆಯೊಳಗೇ ವೈಫೈನಲ್ಲಿ ಚಿತ್ರ ತೋರಿಸಿ "ಬಂತಲ್ಲ ಅಣ್ಣ" ಅಂದರೆ ಅದನ್ನು ಒಪ್ಪಬೇಡಿ.

ಡಿಡಿಎನ್‌ಎಸ್ ಹಾಕಿದರೆ ಸರಿಹೋಗುತ್ತದೆ ಅಂತ ಹೇಳುವವರೂ ಇದ್ದಾರೆ. ಅದು ಬದಲಾಗುತ್ತಿರುವ ವಿಳಾಸಕ್ಕೆ ಒಂದು ಹೆಸರು ಇಟ್ಟುಕೊಳ್ಳುವ ಸೌಲಭ್ಯ ಅಷ್ಟೇ. ಹಂಚಿದ ವಿಳಾಸಕ್ಕೆ ಹೆಸರಿಟ್ಟರೂ ಆ ಹೆಸರು ಅದೇ ಗೇಟಿಗೇ ಕರೆದುಕೊಂಡು ಹೋಗುತ್ತದೆ. ಅದಕ್ಕೆಂದು ದುಡ್ಡು ಕೊಡಬೇಡಿ.

ಹಾಗಾದರೆ ನೋಡುವುದು ಹೇಗೆ

ಸುಲಭದ ದಾರಿ ಡಿವಿಆರ್‌ನಲ್ಲೇ ಇರುತ್ತದೆ. ಈಗಿನ ಬಹುತೇಕ ಡಿವಿಆರ್‌ಗಳಲ್ಲಿ `P2P` ಅಥವಾ ಕ್ಲೌಡ್ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ, ಕಂಪನಿಯ ಆಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಡಿವಿಆರ್ ತಾನೇ ಒಳಗಿನಿಂದ ಹೊರಗೆ, ತಯಾರಕರ ಸರ್ವರ್‌ಗೆ ಸಂಪರ್ಕ ಮಾಡಿಕೊಳ್ಳುತ್ತದೆ. ನಿಮ್ಮ ಫೋನೂ ಅಲ್ಲಿಗೇ ಹೋಗುತ್ತದೆ. ಒಳಗಿನಿಂದ ಹೊರಗೆ ಹೋಗುವುದನ್ನು ಯಾವ ಗೇಟೂ ತಡೆಯುವುದಿಲ್ಲವಾದ್ದರಿಂದ ಪೋರ್ಟ್ ಓಪನ್ ಮಾಡುವ ಮಾತೇ ಇಲ್ಲ. ಜಾಲಹಳ್ಳಿಯ ಮನೆಯಲ್ಲಿ ಕೊನೆಗೆ ನಡೆದದ್ದು ಇದೇ. ಎರಡು ತೊಂದರೆ ಇದೆ. ನಿಮ್ಮ ಮನೆಯ ಚಿತ್ರಕ್ಕೆ ಬೇರೆಯವರ ಸರ್ವರ್ ನಡುವೆ ಬರುತ್ತದೆ. ಆ ಕಂಪನಿ ಸೇವೆ ನಿಲ್ಲಿಸಿದರೆ ಚಿತ್ರವೂ ನಿಲ್ಲುತ್ತದೆ.

ನಡುವೆ ಬೇರೆಯವರು ಬೇಡ ಅನ್ನುವವರು ಕಂಪನಿಗೆ ಪಬ್ಲಿಕ್ ಸ್ಟಾಟಿಕ್ ಐಪಿ ಕೇಳಬೇಕು. ಅದಕ್ಕೆ ಬೇರೆ ಶುಲ್ಕ ಇರುತ್ತದೆ, ಎಷ್ಟು ಅಂತ ಮೊದಲೇ ಕೇಳಿ. ಕೊಟ್ಟೆವು ಅಂದ ದಿನ ಪೆಟ್ಟಿಗೆ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಎರಡು ವಿಳಾಸ ಹೋಲಿಸಿ. ಒಂದೇ ಬಂದರೆ ಮಾತ್ರ ದುಡ್ಡು ಕೊಡಿ.

ಆದರೆ ಪೋರ್ಟ್ ಓಪನ್ ಆಯಿತು ಅಂದರೆ ನಿಮಗೆ ಮಾತ್ರ ಓಪನ್ ಆಗಿರುವುದಿಲ್ಲ, ಪ್ರಪಂಚಕ್ಕೆಲ್ಲ ಆಗಿರುತ್ತದೆ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಹಬ್ಬಿದ್ದು ಇಂಥ ತೆರೆದ ಕ್ಯಾಮೆರಾ, ಡಿವಿಆರ್, ರೂಟರ್‌ಗಳಲ್ಲೇ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ ಅದಕ್ಕೆ ಬೇಕಾಗಿದ್ದದ್ದು. ಆ ವರ್ಷದ ಅಕ್ಟೋಬರ್‌ನಲ್ಲಿ ಆ ಪೆಟ್ಟಿಗೆಗಳನ್ನೆಲ್ಲ ಒಟ್ಟಿಗೆ ಬಳಸಿ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳು ತೆರೆಯದಂತೆ ಮಾಡಿದರು. ಸ್ಟಾಟಿಕ್ ಐಪಿ ತೆಗೆದುಕೊಂಡವರು ಡಿವಿಆರ್‌ನ ಪಾಸ್‌ವರ್ಡ್ ಮೊದಲು ಬದಲಿಸಿ.

ಹೇಳದೆ ಮಾರುವುದು ತಪ್ಪು

ವಿಳಾಸ ಹಂಚಿದ್ದಕ್ಕೆ ನಾನು ಕಂಪನಿಗಳನ್ನು ದೂರುವುದಿಲ್ಲ. ಇಲ್ಲದ್ದನ್ನು ಎಲ್ಲಿಂದ ತರುತ್ತಾರೆ? ನಾನು ದೂರುವುದು ಹೇಳದೆ ಮಾರುವುದನ್ನು. ವೇಗ ಎಷ್ಟು, ಯಾವ ಒಟಿಟಿ ಉಚಿತ ಅಂತ ಕರಪತ್ರದಲ್ಲಿ ದೊಡ್ಡದಾಗಿ ಇರುತ್ತದೆ. ಈ ವಿಳಾಸ ಹಂಚಿದ್ದು, ಹೊರಗಿನಿಂದ ಒಳಗೆ ಬರಲು ಆಗುವುದಿಲ್ಲ ಅನ್ನುವ ಒಂದು ಸಾಲು ನಾನು ನೋಡಿದ ಅರ್ಜಿಗಳಲ್ಲಿ ಇರಲಿಲ್ಲ. ನೂರರಲ್ಲಿ ತೊಂಬತ್ತು ಜನಕ್ಕೆ ಅದು ಬೇಕಿಲ್ಲ ಅಂತ ಕಂಪನಿಯವರು ಹೇಳಬಹುದು. ನಿಜ, ಸಿನಿಮಾ ನೋಡುವವರಿಗೆ ಬೇಕಿಲ್ಲ. ಆದರೆ ಬೇಕಾದ ಹತ್ತು ಜನ ಒಬ್ಬೊಬ್ಬರೂ ಮೂರು ಮೂರು ಸಲ ಹುಡುಗನನ್ನು ಕರೆಸಿ, ಊರಿನಿಂದ ಬೆಂಗಳೂರಿಗೆ ಬಸ್ ಚಾರ್ಜು ಕೊಟ್ಟು ಓಡಾಡಿ, ಆಗದ ಕೆಲಸಕ್ಕೆ ದುಡ್ಡು ಸುರಿಯುತ್ತಾರೆ. ಅದನ್ನು ಉಳಿಸಲು ಒಂದು ಸಾಲು ಸಾಕಿತ್ತು.

ಎರಡನೇ ಮಾತು ಐಪಿವಿ6 ಬಗ್ಗೆ. ಅದು ಹೊಸ ಮಾದರಿಯ ವಿಳಾಸ, ಎಷ್ಟು ಹಂಚಿದರೂ ಮುಗಿಯುವುದಿಲ್ಲ. ಅದರಲ್ಲಿ ಡಿವಿಆರ್‌ಗೇ ಸ್ವಂತ ವಿಳಾಸ ಸಿಗುತ್ತದೆ, ವಿಳಾಸ ಬದಲಿಸುವ ಪ್ರಶ್ನೆಯೇ ಬರುವುದಿಲ್ಲ. 2022ರ ಡಿಸೆಂಬರ್ 31ರ ನಂತರ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಐಪಿವಿ6ಗೆ ಸಿದ್ಧವಿರಬೇಕು ಅಂತ ಕೇಂದ್ರದ ದೂರಸಂಪರ್ಕ ಇಲಾಖೆ 2021ರಲ್ಲೇ ಹೇಳಿದೆ. ಆದರೆ ಸಂಪರ್ಕ ಸಿದ್ಧವಿದ್ದರೆ ಸಾಲದು. ರೂಟರ್‌ನ ಫೈರ್‌ವಾಲ್ ಹೊರಗಿನವರನ್ನು ತಡೆಯುತ್ತದೆ, ಡಿವಿಆರ್ ಒಂದಕ್ಕೆ ಮಾತ್ರ ಅದನ್ನು ಸಡಿಲಿಸಬೇಕು. ಆ ಆಯ್ಕೆ ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಗ್ರಾಹಕರಿಗೆ ತೆರೆದಿರಬೇಕು. ಡಿವಿಆರ್‌ಗೂ ಐಪಿವಿ6 ಗೊತ್ತಿರಬೇಕು, ಹಳೆಯ ಎಷ್ಟೋ ಡಿವಿಆರ್‌ಗಳಿಗೆ ಗೊತ್ತಿಲ್ಲ. ಇಲಾಖೆ ಕಂಪನಿಗಳನ್ನು ಕೇಳಬೇಕಾದದ್ದು ಇಲ್ಲಿ.

ಇದು ಜಾಲಹಳ್ಳಿಗೆ ಮಾತ್ರ ಸೇರಿದ್ದಲ್ಲ. ತೋಟದ ಪಂಪ್‌ಸೆಟ್ ಹತ್ತಿರ ಸಿಮ್ ಹಾಕುವ ರೂಟರ್ ಇಟ್ಟು ಕ್ಯಾಮೆರಾ ಹಾಕಿಸಿದವರಿಗೂ ಇದೇ ಗತಿ, ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಹಂಚಿದ ವಿಳಾಸವನ್ನೇ ಕೊಡುವುದು. ಊರಲ್ಲಿ ಹೊಸದಾಗಿ ಫೈಬರ್ ಹಾಕಿಸುವವರು ಸಹಿ ಮಾಡುವ ಮುಂಚೆ ಕೇಬಲ್‌ನವರಿಗೆ ಮೂರು ಪ್ರಶ್ನೆ ಕೇಳಿ. ನನಗೆ ಕೊಡುವ ವಿಳಾಸ ಹಂಚಿದ್ದಾ, ನನ್ನದೇನಾ? ಸ್ಟಾಟಿಕ್ ಐಪಿ ಬೇಕಾದರೆ ತಿಂಗಳಿಗೆ ಎಷ್ಟು? ಐಪಿವಿ6 ಇದೆಯಾ, ಅದರ ಫೈರ್‌ವಾಲ್ ನಾನು ಬದಲಿಸಬಹುದಾ? ಉತ್ತರವನ್ನು ಅರ್ಜಿಯ ಮೇಲೆಯೇ ಬರೆಸಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ.